ಯೂರಿಕ್ ಆಸಿಡ್ 8.2, ನೋವಿಲ್ಲ. ಮಾತ್ರೆ ಬೇಕಾ?

ಪ್ರಶ್ನೆ: ನನಗೆ 41 ವರ್ಷ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 8.2 ಬಂದಿದೆ. ಕೀಲು ನೋವು, ಊತ ಯಾವತ್ತೂ ಬಂದಿಲ್ಲ. ಅಲ್ಲಿ ಯೂರಿಕ್ ಆಸಿಡ್ ಇಳಿಸಲು ಫೆಬುಕ್ಸೊಸ್ಟಾಟ್ 40 ಬರೆದುಕೊಟ್ಟಿದ್ದಾರೆ, ದಿನಕ್ಕೊಂದು. ಶುರು ಮಾಡಲಾ? ಬಿಪಿಗೆ ಎರಡು ವರ್ಷದಿಂದ ಮಾತ್ರೆ ಇದೆ.

ಒಬ್ಬ ಸದಸ್ಯರು: ಮಾತ್ರೆ ಬೇಡ ಸರ್. ಬೇಳೆ, ಪಾಲಕ್, ಟೊಮೆಟೊ ಪೂರ್ತಿ ಬಿಡಿ, ನೀರು ಚೆನ್ನಾಗಿ ಕುಡಿಯಿರಿ. ನಮ್ಮ ಭಾವನಿಗೆ ಹಾಗೇ ಇಳಿಯಿತು.

ಫಿಜಿಷಿಯನ್: ಮೊದಲು ಆ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಹೆಸರಿನ ಕೊನೆಯಲ್ಲಿ ಎಚ್ ಇದೆಯಾ? ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ? ಕಿಡ್ನಿ ಕಲ್ಲು ಬಂದಿತ್ತಾ? ಹಿಂದಿನ ರಾತ್ರಿ ಏನು ಊಟ?

ಕೇಳಿದವರು: ಎಚ್ ಇದೆ! ಹಿಂದೆ ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಜೈಡ್ 12.5 ಅಂತ ಬರೆದಿದೆ. ಕ್ರಿಯಾಟಿನಿನ್ 0.9. ಕಲ್ಲು ಬಂದಿಲ್ಲ. ಹಿಂದಿನ ರಾತ್ರಿ ಸ್ನೇಹಿತನ ರಿಸೆಪ್ಷನ್ ಇತ್ತು, ಮಟನ್, ಮೂರು ಬಿಯರ್. ಆಮೇಲೆ ಬೆಳಿಗ್ಗೆ ಹನ್ನೊಂದರವರೆಗೆ ಹನಿ ನೀರೂ ಕುಡಿಯದೆ ಲ್ಯಾಬ್‌ನಲ್ಲಿ ಕೂತಿದ್ದೆ.

ಫಿಜಿಷಿಯನ್: ನೋಡಿ, ಅರ್ಧ ಕಥೆ ಇಲ್ಲೇ ಇದೆ. ಆ ಎಚ್ ಮೂತ್ರ ಜಾಸ್ತಿ ಹೋಗಿಸುವ ಮದ್ದು, ಅದನ್ನು ತೆಗೆದುಕೊಂಡರೆ ಕಿಡ್ನಿ ಯೂರಿಕ್ ಆಸಿಡ್ಡನ್ನು ಹೊರಗೆ ಹಾಕದೆ ಒಳಗೇ ಉಳಿಸಿಕೊಳ್ಳುತ್ತದೆ. ಬಿಯರ್ ಎರಡು ಕಡೆಯಿಂದಲೂ ಏರಿಸುತ್ತದೆ, ತಯಾರಾಗುವುದೂ ಜಾಸ್ತಿ, ಹೊರಗೆ ಹೋಗುವುದೂ ಕಡಿಮೆ. ಅದರ ಮೇಲೆ ನೀರಿಲ್ಲದ ಹೊಟ್ಟೆ. ಹೀಗೆ ಬಂದ 8.2 ನೋಡಿ ತಿಂಗಳುಗಟ್ಟಲೆ ಮಾತ್ರೆ ನುಂಗಲು ನಾನಂತೂ ಹೇಳುವುದಿಲ್ಲ.

ರಕ್ತದಲ್ಲಿ ಸುಮಾರು 6.8 ದಾಟಿದರೆ ಅದು ಹರಳು ಕಟ್ಟಬಹುದು. ಕಟ್ಟಬಹುದು ಅಷ್ಟೇ, ಕಟ್ಟಲೇಬೇಕು ಅಂತಿಲ್ಲ. 9 ದಾಟಿದವರಲ್ಲೂ ಐದು ವರ್ಷದಲ್ಲಿ ಗೌಟ್, ಅಂದರೆ ಆ ಹರಳಿನಿಂದ ಕೀಲು ಊದಿ ನೋಯುವ ಕಾಯಿಲೆ, ಬರುವುದು ಸುಮಾರು ಐವರಲ್ಲಿ ಒಬ್ಬರಿಗೆ. ಅದಕ್ಕೇ ಅಮೆರಿಕದ ಕೀಲುರೋಗ ತಜ್ಞರ ಸಂಘವಾದ ರುಮಟಾಲಜಿ ಕಾಲೇಜು 2020ರ ಮಾರ್ಗಸೂಚಿಯಲ್ಲಿ, ನೋವೇ ಬಾರದವರಿಗೆ ಇಂಥ ಮಾತ್ರೆ ಶುರು ಮಾಡದಿರುವುದೇ ಒಳ್ಳೆಯದು ಎಂದಿತು. ಫೆಬುಕ್ಸೊಸ್ಟಾಟ್ ಸುಮ್ನೆ ನುಂಗುವಂಥದ್ದೂ ಅಲ್ಲ. ಹೃದಯದ ಕಾಯಿಲೆ ಇದ್ದ ಗೌಟ್ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ, ಇದನ್ನು ತೆಗೆದುಕೊಂಡವರಲ್ಲಿ ಹೃದಯದಿಂದಾದ ಸಾವು ಇದೇ ಕೆಲಸದ ಇನ್ನೊಂದು ಮದ್ದಾದ ಅಲೊಪ್ಯುರಿನಾಲ್‌ನವರಿಗಿಂತ ಜಾಸ್ತಿ ಕಂಡಿತು. ಆಮೇಲಿನ ಇನ್ನೊಂದರಲ್ಲಿ ಹಾಗೆ ಕಾಣಲಿಲ್ಲ, ಅದು ಬೇರೆ ಮಾತು.

ಆದರೆ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. 8.2ಗಿಂತ ಏರಿದ ಬಿಪಿ ದೊಡ್ಡ ತಲೆನೋವು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಲೊಸಾರ್ಟಾನ್ ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುತ್ತದೆ, ಆಮ್ಲೊಡಿಪಿನ್ ಏರಿಸುವುದಿಲ್ಲ. ಯಾವುದು ಹೊಂದುತ್ತದೆ ಎಂದು ಅವರು ನೋಡುತ್ತಾರೆ. ಬದಲಾದ ಮೇಲೆ ಒಂದೂವರೆ ತಿಂಗಳು ಬಿಟ್ಟು, ಒಂದು ವಾರ ಬಿಯರ್ ಇಲ್ಲದೆ, ನೀರು ಕುಡಿದುಕೊಂಡು ಮತ್ತೆ ಪರೀಕ್ಷೆ ಮಾಡಿಸಿ.

ಬೇಳೆ ಬಿಡಿ ಎಂದವರಿಗೆ: ನೀರಿನ ಮಾತು ಸರಿ. ಆದರೆ ಬೇಳೆ, ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಗೌಟ್ ಜಾಸ್ತಿ ಕಂಡಿಲ್ಲ. ಸಾರಿಲ್ಲದೆ ಅನ್ನ ಉಣ್ಣಬೇಕಾಗಿಲ್ಲ. ಕಡಿಮೆ ಮಾಡಬೇಕಾದದ್ದು ಬಿಯರ್, ಲಿವರ್, ತಲೆ ಮಾಂಸ, ಸಕ್ಕರೆಯ ಕೂಲ್‌ಡ್ರಿಂಕ್ಸ್.

ಇನ್ನೊಬ್ಬರು: ಡಾಕ್ಟ್ರೇ, ನನಗೆ 6.4. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿ ಚುಚ್ಚುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಸರಿ. ಇದೂ ಯೂರಿಕ್ ಆಸಿಡ್ಡೇ ಅಂದರು.

ಫಿಜಿಷಿಯನ್: ಅಮ್ಮಾ, ಇದು ಬೇರೆ ಪ್ರಶ್ನೆ. ನೀವು ಹೇಳುವ ಲಕ್ಷಣ ಅಂಗಾಲಿನ ಪಟ್ಟಿಯ ನೋವಿನದು, 6.4 ಅದರ ಪಕ್ಕದಲ್ಲಿ ಸಿಕ್ಕಿದ ಅಂಕಿ ಅಷ್ಟೇ ಇರಬೇಕು. ಗೌಟ್ ಬಂದರೆ ಹಾಗಿರುವುದಿಲ್ಲ. ರಾತ್ರೋರಾತ್ರಿ, ಹೆಚ್ಚಾಗಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಕಿರುಚುವಷ್ಟು ನೋವು. ಆದರೂ ಯಾರಾದರೂ ಕಾಲು ಮುಟ್ಟಿ ನೋಡಲಿ.

ಮತ್ತೊಬ್ಬರು: ನನ್ನ ಕ್ರಿಯಾಟಿನಿನ್ 1.7. ಗೌಟ್ ಇಲ್ಲ, ಆದರೂ ಕಿಡ್ನಿ ಡಾಕ್ಟರು ಅಲೊಪ್ಯುರಿನಾಲ್ ಕೊಟ್ಟಿದ್ದಾರೆ. ಹಾಗಾದರೆ ಅವರದು ತಪ್ಪಾ?

ಫಿಜಿಷಿಯನ್: ತಪ್ಪು ಅನ್ನಲಾರೆ. ಕಿಡ್ನಿ ಉಳಿಯುತ್ತದೆ ಎಂಬ ಆಸೆಯಿಂದ ಕೊಡುವವರು ಇದ್ದಾರೆ. 2020ರಲ್ಲಿ ಬಂದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಆ ಲಾಭ ಕಾಣಲಿಲ್ಲ. ಜಪಾನಿನವರು ಮಾತ್ರ ಕಿಡ್ನಿ ತೊಂದರೆ ಜೊತೆಗಿದ್ದರೆ 8ರಿಂದಲೇ ಮದ್ದಿನ ಯೋಚನೆ ಮಾಡುತ್ತಾರೆ. ನಮ್ಮಲ್ಲೇ ಒಮ್ಮತ ಇಲ್ಲ. ಯಾಕೆ ಕೊಟ್ಟಿರಿ ಎಂದು ಅವರನ್ನೇ ಕೇಳಿ, ಅಲ್ಲಿಯವರೆಗೆ ಬಿಡಬೇಡಿ. ಮೈಮೇಲೆ ದದ್ದು ಎದ್ದರೆ ಮಾತ್ರ ಅವತ್ತೇ ನಿಲ್ಲಿಸಿ ಅವರ ಹತ್ತಿರ ಓಡಿ.

ಕೇಳಿದವರು: ಶನಿವಾರ ಬಿಪಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಫೆಬುಕ್ಸೊಸ್ಟಾಟ್ ಡಬ್ಬಿ ಒಡೆದಿಲ್ಲ, ಮೆಡಿಕಲ್‌ನವರು ವಾಪಸ್ ತೆಗೆದುಕೊಳ್ಳುತ್ತಾರಾ ಗೊತ್ತಿಲ್ಲ.

ಫಿಜಿಷಿಯನ್: ಬಿಲ್ ಇಟ್ಟುಕೊಂಡಿದ್ದರೆ ಕೇಳಿ ನೋಡಿ. ಶನಿವಾರಕ್ಕೆ ಸ್ಟ್ರಿಪ್ ಜೊತೆ ಮನೆಯಲ್ಲಿ ನೋಡಿದ ಬಿಪಿ ರೀಡಿಂಗ್‌ಗಳನ್ನೂ ಬರೆದುಕೊಂಡು ಹೋಗಿ.