ಪದಚರ್ಚೆ: ಅರಬ್ಬಿಯ ‘ಕುಲೈಬ್’ ಮಾದರಿ: ಚಿಕ್ಕದೋ, ಮುದ್ದೋ, ತಾತ್ಸಾರವೋ?

ದೋಹಾದಿಂದ, ಪ್ರಶ್ನೆ:
ಅರಬ್ಬಿ ಕಲಿಯುತ್ತಿದ್ದೇನೆ. ಕಲ್ಬ್ ಅಂದರೆ ನಾಯಿ, ಕುಲೈಬ್ ಅಂದರೆ ಪುಟ್ಟ ನಾಯಿ. ಮೊದಲ ವ್ಯಂಜನಕ್ಕೆ ಉಕಾರ, ಎರಡನೆಯದಕ್ಕೆ ಐಕಾರ. ಆದರೆ ಶಾಇರ್ ಅಂದರೆ ಕವಿ, ಶುವೈಇರ್ ಅಂದರೆ ಕವಿಯೆಂದು ಮೆರೆಯುವ ಅರೆಬರೆಯವನಂತೆ! ಮುದ್ದೋ ಬೈಗುಳವೋ ಎಂದು ಗೊತ್ತಾಗುವುದು ಹೇಗೆ?

ಮಂಗಳೂರಿನಿಂದ:
ಸುಲಭ. ವಸ್ತುವಿಗೆ ಬಂದರೆ ಬರೀ ಗಾತ್ರ: ಬಹ್ರ್ ಸಮುದ್ರ, ಬುಹೈರಾ ಸರೋವರ. ಮನುಷ್ಯರಿಗೆ ಬಂದರೆ ಮುದ್ದು: ಹಸನ್‌ನಿಂದ ಹುಸೈನ್, ಅಬ್ದ್‌ನಿಂದ ಉಬೈದ್.

ಕುವೈತ್‌ನಿಂದ:
ನಾನಿರುವ ಊರಿನ ಹೆಸರೂ ಇದೇ ಜಾತಿ. ಕೂತ್ ಅಂದರೆ ಕೋಟೆ, ಕುವೈತ್ ಅಂದರೆ ಪುಟ್ಟ ಕೋಟೆ. ನನ್ನ ಮಗನ ಹೆಸರು ಜುನೈದ್. ಜುಂದ್ ಅಂದರೆ ಸೈನ್ಯ ಅಲ್ವಾ? ಹಾಗಾದರೆ ಅವನ ಹೆಸರಲ್ಲೂ ತಾತ್ಸಾರ ಇದೆಯಾ?

ಮೈಸೂರಿನಿಂದ:
ಜುನೈದ್ ಬಗ್ಗೆ ಚಿಂತೆ ಬೇಡ. ಹೆಸರಾಗಿ ನೆಲೆನಿಂತ ಮೇಲೆ ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಮಂಗಳೂರಿನವರು ಅರ್ಧ ಸರಿ. ಮನುಷ್ಯರ ಹೆಸರಿಗೂ ತಾತ್ಸಾರ ಅಂಟುತ್ತದೆ. ಕಾಫೂರ್ ಎಂಬವನು 10ನೇ ಶತಮಾನದಲ್ಲಿ ಈಜಿಪ್ಟ್ ಆಳಿದ. ಮೊದಲು ಗುಲಾಮನಾಗಿದ್ದವನು. ಕವಿ ಮುತನಬ್ಬಿ ಅವನನ್ನು ಹೊಗಳಿ ಹಾಡಿದ, ಬಯಸಿದ ಅಧಿಕಾರ ಸಿಗಲಿಲ್ಲ. ಆಮೇಲೆ ಬರೆದ ನಿಂದೆಯ ಪದ್ಯದಲ್ಲಿ ಅವನನ್ನು ‘ಕುವೈಫೀರ್’ ಎಂದು ಕರೆದ. ‘ಕಾ’ದ ದೀರ್ಘ ಹೋಗಿ ವಕಾರ ಬಂತು, ‘ಫೂ’ ಹೋಗಿ ‘ಫೀ’ ಆಯಿತು. ಶುವೈಇರ್‌ನಲ್ಲಿರುವ ವಕಾರವೂ ಹೀಗೇ ಬಂದದ್ದು. ಹಿಂದೆಮುಂದೆ ಇರುವುದೆಲ್ಲ ಬೈಗುಳ, ಹಾಗಾಗಿ ಇದನ್ನು ಮುದ್ದು ಎಂದು ಯಾರೂ ಓದುವುದಿಲ್ಲ.

ಈಗ ಕುರಾನಿನ ‘ಯಾ ಬುನಯ್ಯ’ ನೋಡಿ. ಇಬ್ನ್ ಅಂದರೆ ಮಗ. ಪ್ರವಾಹ ಬಂದಾಗ ನೂಹ್ ಮಗನನ್ನು ದೋಣಿಗೆ ಕರೆಯುವುದು ಹೀಗೆ. ಆ ಮಗ ಎಳೆಗೂಸಲ್ಲ. ಬೆಟ್ಟ ಹತ್ತಿ ಬದುಕಿಕೊಳ್ಳುತ್ತೇನೆ ಎಂದು ತಂದೆಗೇ ಎದುರುತ್ತರ ಕೊಡುತ್ತಾನೆ. ಗಾತ್ರಕ್ಕೆ ಇಲ್ಲಿ ಕೆಲಸವೇ ಇಲ್ಲ. ‘ಯಾ’ ಎಂಬ ಕರೆ, ‘ನನ್ನ’ ಎಂಬ ಪ್ರತ್ಯಯ, ಕರೆಯುವವನು ತಂದೆ: ಇವು ಸೇರಿ ಮುದ್ದಾಗಿದೆ. ರೂಪವನ್ನಷ್ಟೇ ನೋಡಿದರೆ ಏನೂ ತಿಳಿಯದು. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ನೋಡಬೇಕು.

ದೋಹಾದಿಂದ:
ತುಂಬಾ ಉಪಕಾರ. ದೊಡ್ಡದನ್ನು ಹೇಳಲೂ ಇದನ್ನು ಬಳಸುತ್ತಾರಾ?

ಮೈಸೂರಿನಿಂದ:
ಅದು ಹಳೇ ಜಗಳ. ದಾಹಿಯಾ ಅಂದರೆ ದೊಡ್ಡ ಆಪತ್ತು. ಕವಿ ಲಬೀದ್ ಸಾವನ್ನು ‘ದುವೈಹಿಯಾ’ ಎಂದ, ಅದು ಬಂದರೆ ಬೆರಳುಗಳು ಹಳದಿಗಟ್ಟುತ್ತವೆ ಎಂದ. ಇದು ಹಿರಿದನ್ನೇ ಹೇಳುತ್ತದೆ ಎಂದರು ಕೂಫಾದ ವ್ಯಾಕರಣಕಾರರು. ಬಸ್ರಾದವರು ಒಪ್ಪಲಿಲ್ಲ. ಚಿಕ್ಕದಾಗಿ ಕಂಡದ್ದೇ ಕೊಲ್ಲುತ್ತದೆ ಎಂಬುದು ಅವರ ಓದು. ನನಗೂ ಅದೇ ಸರಿ ಅನಿಸುತ್ತದೆ.

ಮಂಗಳೂರಿನಿಂದ:
ನನಗೆ ಕೂಫಾದವರೇ ಸರಿ. ಎಲ್ಲರಿಗೂ ಬರುವ ಸಾವನ್ನು ಯಾರು ಚಿಕ್ಕದೆಂದು ಕಾಣುತ್ತಾರೆ?