ಸ್ಪೋರ್ಟ್ಸ್ ಡೇ ಟೈಮ್‌ಟೇಬಲ್: ಹೀಟ್ಸ್ ಮುಗಿಯುವುದೇ ಇಲ್ಲ, ಫೈನಲ್ ಹೊತ್ತಿಗೆ ಮಕ್ಕಳು ಸಿಗುವುದಿಲ್ಲ

ಸೀಟಿ ಮೇಷ್ಟ್ರು:
ಜಯನಗರದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ನಾನು. ಮೈದಾನ ಬಾಡಿಗೆಯದು, ಮಧ್ಯಾಹ್ನ 1ಕ್ಕೆ ಬಿಟ್ಟುಕೊಡಬೇಕು. ಮಾರ್ಚ್ ಪಾಸ್ಟ್, ಭಾಷಣ ಎಲ್ಲ ಕಳೆದು 9ರಿಂದ ನಾಲ್ಕು ಗಂಟೆ ಸಿಗುತ್ತದೆ. ಆರು ಲೇನ್, ಒಂದೇ ಲಾಂಗ್ ಜಂಪ್ ಪಿಟ್, ನಾಲ್ಕು ಹೌಸ್, ಆರು ವಿಭಾಗ, 14 ಟೀಚರ್‌ಗಳು. 100 ಮೀಟರಿಗೆ ಒಂದೊಂದು ವಿಭಾಗದಲ್ಲೂ ಸುಮಾರು 30 ಹೆಸರು ಬರುತ್ತವೆ. ಲಾಂಗ್ ಜಂಪಿಗೆ ವಿಭಾಗಕ್ಕೆ 20 ನಿಮಿಷ ಇಟ್ಟಿದ್ದೆ.

ಕಳೆದ ವರ್ಷ 100 ಮೀಟರ್ ಫೈನಲ್‌ಗೆ ಮೂರು ಸಲ ಮೈಕಿನಲ್ಲಿ ಕೂಗಿಸಿದೆ. ಇಬ್ಬರು ಹುಡುಗರು ಪಿಟ್ ಹತ್ತಿರ ತಮ್ಮ ಸರದಿ ಕಾಯುತ್ತಿದ್ದರು. ರಿಲೇ ಶುರುವಾಗುವ ಮುಂಚೆಯೇ ಮೈದಾನದವರು ಬಂದು ಮೈಕ್ ವೈರ್ ಕಿತ್ತರು. ಮಕ್ಕಳ ಕ್ಲ್ಯಾಶ್ ತಪ್ಪಿಸುವುದು ಹೇಗೆ?

ಬೈ ಬೇಕಾ:
ಸರ್, ತಂಡಗಳನ್ನು 8 ಅಥವಾ 16ಕ್ಕೆ ಹೊಂದಿಸಿ, ಉಳಿದವರಿಗೆ ಬೈ ಕೊಡಿ. ನಮ್ಮ ಕಬಡ್ಡಿ ಫಿಕ್ಸ್‌ಚರ್ ಹಾಗೇ ಮಾಡಿದ್ದು, ಎರಡೇ ದಿನಕ್ಕೆ ಮುಗಿಯಿತು.

ಸೀಟಿ ಮೇಷ್ಟ್ರು:
ಇದು ಓಟ ಸರ್, ನಾಕ್‌ಔಟ್ ಅಲ್ಲ.

ಶೀಟ್ ಶಿವು:
ಸುಲಭ. ಹೀಟ್ಸ್‌ನಲ್ಲಿ ಎಲ್ಲರ ಟೈಮ್ ಬರೆದುಕೊಳ್ಳಿ, ಅತಿ ಕಡಿಮೆ ಟೈಮಿನ ಆರು ಜನ ನೇರ ಫೈನಲ್‌ಗೆ. ಸೆಮಿಫೈನಲ್ ಬೇಕಾಗಿಲ್ಲ. ಕ್ಲ್ಯಾಶ್‌ಗೆ ಒಂದು ಫಾರ್ಮುಲಾ ಸಾಕು. A ಕಾಲಮ್ಮಿನಲ್ಲಿ ಚೆಸ್ಟ್ ನಂಬರ್, B ಸ್ಪರ್ಧೆ, C ಶುರು, D ಮುಗಿಯುವ ಸಮಯ. E2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=SUMPRODUCT(($A$2:$A$400=A2)*($C$2:$C$400<D2)*($D$2:$D$400>C2))-1
```

ಸೊನ್ನೆ ಬಂದರೆ ಸರಿ. 1 ಅಥವಾ ಜಾಸ್ತಿ ಬಂದರೆ ಆ ಮಗು ಒಂದೇ ಹೊತ್ತಿಗೆ ಎರಡು ಕಡೆ ಇದೆ ಅಂತ.

ಹಳೇ ಸ್ಟಾರ್ಟರ್:
ಶಿವು, ಫಾರ್ಮುಲಾ ಒಳ್ಳೆಯದು. ಟೈಮ್ ನೋಡಿ ಫೈನಲ್‌ಗೆ ಆರಿಸುವುದು ಮಾತ್ರ ಬೇಡ. ಕೈಯಲ್ಲಿ ಒತ್ತುವ ವಾಚ್. ಒಬ್ಬರು ಪಿಸ್ತೂಲಿನ ಹೊಗೆ ನೋಡಿ ಒತ್ತುತ್ತಾರೆ, ಇನ್ನೊಬ್ಬರು ಸದ್ದು ಕೇಳಿ ಒತ್ತುತ್ತಾರೆ. ಅಷ್ಟರಲ್ಲೇ ಎರಡು ಮೂರು ಹತ್ತನೇ ಸೆಕೆಂಡ್ ಆಚೀಚೆ. ಆರನೆಯವನಿಗೂ ಏಳನೆಯವನಿಗೂ ಇರುವ ವ್ಯತ್ಯಾಸವೇ ಅಷ್ಟು. ಯಾರು ಮುಂದೆ ಬಂದರು ಎನ್ನುವುದನ್ನು ಕಣ್ಣು ಇದಕ್ಕಿಂತ ಚೆನ್ನಾಗಿ ಹೇಳುತ್ತದೆ.

ಮೇಷ್ಟ್ರೇ, ನಿಮ್ಮ ತೊಂದರೆ ಕ್ಲ್ಯಾಶ್‌ಗಿಂತ ಮುಂಚೆ ಶುರುವಾಗಿದೆ. 30 ಮಕ್ಕಳು ಎಂದರೆ 5 ಹೀಟ್, ಆರು ವಿಭಾಗಕ್ಕೆ 30 ಹೀಟ್. ಓಟ 15 ಸೆಕೆಂಡ್ ಇರಬಹುದು. ಆದರೆ ಹೆಸರು ಕೂಗಿ, ಲೇನಿಗೆ ನಿಲ್ಲಿಸಿ, ಓಡಿಸಿ, ಸ್ಥಾನ ಬರೆಯುವಷ್ಟರಲ್ಲಿ 4 ನಿಮಿಷ ಆಗಿಯೇ ಆಗುತ್ತದೆ. ಹೀಟ್ಸ್‌ಗೇ 2 ಗಂಟೆ ಹೋಯಿತು. ಹೌಸಿಗೆ ಮೂವರು ಅಂತ ಮಿತಿ ಹಾಕಿ. 12 ಮಕ್ಕಳು, 2 ಹೀಟ್, ಒಂದೊಂದರಿಂದ ಮೊದಲ ಮೂವರು. ಆರು ಲೇನ್ ಸರಿಯಾಗಿ ತುಂಬುತ್ತದೆ, 48 ನಿಮಿಷದಲ್ಲಿ ಎಲ್ಲ ಹೀಟ್ಸ್ ಮುಗಿಯುತ್ತವೆ. ಹೌಸಿನೊಳಗೆ ಆ ಮೂವರು ಯಾರು ಅನ್ನುವುದು ಹಿಂದಿನ ವಾರ ಪಿ.ಟಿ. ಪೀರಿಯಡ್‌ನಲ್ಲೇ ತೀರ್ಮಾನವಾಗಲಿ.

ಇನ್ನು ಪಿಟ್. 20 ನಿಮಿಷ ಸಾಲುವುದೇ ಇಲ್ಲ. ಒಂದು ಜಿಗಿತಕ್ಕೆ ಒಂದು ನಿಮಿಷ ಬೇಕು. ಟೇಪ್ ಹಿಡಿಯಬೇಕು, ಬರೆಯಬೇಕು, ಮರಳು ಸಮ ಮಾಡಬೇಕು. 12 ಮಕ್ಕಳಿಗೆ ಮೂರು ಮೂರು ಜಿಗಿತ, 36 ನಿಮಿಷ. ಆರು ವಿಭಾಗಕ್ಕೆ ಮೂರೂವರೆ ಗಂಟೆಗೂ ಜಾಸ್ತಿ. ಅಂದರೆ ಪಿಟ್ಟೇ ಇಡೀ ದಿನ ನುಂಗುತ್ತದೆ. ಚಿಕ್ಕವರ ಎರಡು ವಿಭಾಗವನ್ನು ಹಿಂದಿನ ದಿನವೇ ಶಾಲೆಯಲ್ಲಿ ಮುಗಿಸಿ.

ಸೀಟಿ ಮೇಷ್ಟ್ರು:
ನಮ್ಮ ಶಾಲೆಯಲ್ಲಿ ಮರಳೇ ಇಲ್ಲ ಸರ್, ಬರೀ ಸಿಮೆಂಟ್ ಅಂಗಳ.

ಹಳೇ ಸ್ಟಾರ್ಟರ್:
ಹಾಗಾದರೆ ಲಾಂಗ್ ಜಂಪಿಗೆ ಹೌಸಿಗೆ ಇಬ್ಬರು. 8 ಮಕ್ಕಳು, 24 ಜಿಗಿತ. ಆರು ವಿಭಾಗ ಎರಡೂವರೆ ಗಂಟೆಯೊಳಗೆ. ಹೆಸರು ಕರೆದ ಮೇಲೆ 30 ಸೆಕೆಂಡ್, ಬರಲಿಲ್ಲ ಅಂದರೆ ಆ ಜಿಗಿತ ಹೋಯಿತು. ಟ್ರ್ಯಾಕ್‌ನಲ್ಲಿ ಓಟ ಇರುವ ಮಗುವಿಗೆ ಮಾತ್ರ ಆ ಸುತ್ತಿನಲ್ಲಿ ಸರದಿ ಬದಲಿಸಿಕೊಡಬಹುದು, ದೊಡ್ಡ ಕೂಟಗಳಲ್ಲೂ ಆ ಅವಕಾಶ ಇದೆ. ಹಾಗೆಯೇ 100ರ ಕೊನೆಯ ಹೀಟ್‌ಗೂ ಫೈನಲ್‌ಗೂ ನಡುವೆ 45 ನಿಮಿಷ ಬಿಡಿ. ಆ ಗ್ಯಾಪ್‌ನಲ್ಲಿ ಬೇರೆ ವಿಭಾಗದ ಹೀಟ್ಸ್ ತುಂಬಿಸಿ, ಸುಮ್ನೆ ಕಾಯುವುದು ಬೇಡ.

ವಿಜಯನಗರದಮ್ಮ:
ಪೋಷಕಳಾಗಿ ಒಂದು ಮಾತು ಸರ್. ನನ್ನ ಮಗಳು ಪಿ.ಟಿ. ಪೀರಿಯಡ್‌ನಲ್ಲೇ ಔಟ್ ಆದಳು. ನಾವು ರಜೆ ಹಾಕಿ ಬಂದು ಅವಳು ಚಪ್ಪಾಳೆ ತಟ್ಟುವುದನ್ನು ನೋಡಿದೆವು.

ಹಳೇ ಸ್ಟಾರ್ಟರ್:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಕೆಲವರು ಕೊನೆಗೆ ಎಲ್ಲರಿಗೂ ಒಂದು 50 ಮೀಟರ್ ಓಟ ಇಡುತ್ತಾರೆ. ಅದೂ 20 ನಿಮಿಷ ತಿನ್ನುತ್ತದೆ.

ಸೀಟಿ ಮೇಷ್ಟ್ರು:
ಶಿವು ಫಾರ್ಮುಲಾಗೆ ಕಳೆದ ವರ್ಷದ ಪಟ್ಟಿ ಹಾಕಿದೆ. ಮಕ್ಕಳ ಕ್ಲ್ಯಾಶ್ 9. ಆಮೇಲೆ ಸುಮ್ನೆ ಕುತೂಹಲಕ್ಕೆ A ಕಾಲಮ್ಮಿನಲ್ಲಿ ಟೀಚರ್‌ಗಳ ಹೆಸರು ಹಾಕಿ ನೋಡಿದೆ. ಗಣಿತದ ಮಿಸ್ ಪಿಟ್‌ನಲ್ಲಿ ಟೇಪ್ ಹಿಡಿಯಬೇಕು, ಅದೇ ಹೊತ್ತಿಗೆ ಫಿನಿಶ್‌ನಲ್ಲಿ ಎರಡನೇ ಸ್ಥಾನ ನೋಡಬೇಕು. ನಾನೇ ಹಾಕಿದ್ದು! ಹುಡುಗರು ಅಲ್ಲಿ ಕಾಯುತ್ತಿದ್ದದ್ದು ಮಿಸ್‌ಗಾಗಿ, ಅಷ್ಟೇ.

ಈ ಸಲ ಪಿಟ್‌ಗೆ ಮೂವರು, ಟೇಪ್ ಬಿಟ್ಟು ಅಲ್ಲಾಡುವ ಹಾಗಿಲ್ಲ. ಫಿನಿಶ್‌ಗೆ ನಾಲ್ವರು, ಸ್ಟಾರ್ಟ್‌ಗೆ ಇಬ್ಬರು, ಶಾಟ್‌ಪುಟ್‌ಗೆ ಇಬ್ಬರು, ಮಕ್ಕಳನ್ನು ಕರೆದು ಸಾಲು ನಿಲ್ಲಿಸಲು ಇಬ್ಬರು. ಒಬ್ಬರು ಮೈಕ್. ಹದಿನಾಲ್ಕೂ ಖಾಲಿ, ಆದರೆ ಪ್ರಿನ್ಸಿಪಾಲ್ ಈಗ ತಾನೇ ಮುಖ್ಯ ಅತಿಥಿಗಳ ಜೊತೆ ಒಬ್ಬರು ಬೇಕು ಅಂದರು.

ಶೀಟ್ ಶಿವು:
200 ಮೀಟರ್ ಎಲ್ಲಿ ಇಟ್ಟಿರಿ ಸರ್?

ಸೀಟಿ ಮೇಷ್ಟ್ರು:
ಹೀಟ್ಸ್ ಇಲ್ಲದೆ, ಹೌಸಿಗೆ ಒಬ್ಬರಂತೆ ನೇರ ಫೈನಲ್. ಹೌಸ್ ಮೇಡಂಗಳು ಇನ್ನೂ ಒಪ್ಪಿಲ್ಲ.