ನಾಲ್ಕು ಆಯ್ಕೆಯಲ್ಲಿ ಸರಿಯಾದ ಕ್ವೆಶ್ಚನ್ ಟ್ಯಾಗ್ ಯಾವುದು? ನನ್ನ ಮೂರು ತಪ್ಪುಗಳು

ಪ್ರಶ್ನೆ ಕೇಳಿದವರು: ಮೇಡಂ, ವಾಕ್ಯ ಪಾಸಿಟಿವ್ ಆದರೆ ಟ್ಯಾಗ್ ನೆಗೆಟಿವ್, ವಾಕ್ಯ ನೆಗೆಟಿವ್ ಆದರೆ ಟ್ಯಾಗ್ ಪಾಸಿಟಿವ್ ಅನ್ನುವುದು ನನಗೆ ಬಾಯಿಪಾಠ. ಆದರೂ ಅಭ್ಯಾಸ ಪತ್ರಿಕೆಯಲ್ಲಿ ಮೂರು ತಪ್ಪಾಯಿತು. "ಶಿ ಹಾರ್ಡ್ಲಿ ಸ್ಪೀಕ್ಸ್ ಟು ಎನಿಒನ್" ಅನ್ನುವುದಕ್ಕೆ "ಡಜಂಟ್ ಶಿ" ಹಾಕಿದೆ. "ಡೋಂಟ್ ಟಚ್ ದಟ್ ವೈರ್" ಅನ್ನುವುದಕ್ಕೆ "ಡು ಯು" ಹಾಕಿದೆ. "ಐ ಆಮ್ ನಾಟ್ ಲೇಟ್" ಅನ್ನುವುದಕ್ಕೆ "ಆರಂಟ್ ಐ" ಹಾಕಿದೆ. ನಿಯಮ ಗೊತ್ತಿದ್ದೂ ಯಾಕೆ ಹೀಗೆ?

ಇಂಗ್ಲಿಷ್ ಟೀಚರ್: ಮೂರೂ ಬೇರೆ ಬೇರೆ ಜಾತಿಯ ತಪ್ಪುಗಳು. ಒಂದೇ ನಿಯಮದಿಂದ ಮೂರನ್ನೂ ಸರಿಮಾಡಲು ಹೋದರೆ ಮತ್ತೆ ಎಡವುತ್ತೀರಿ. ಒಂದೊಂದಾಗಿ ನೋಡೋಣ.

ಮೊದಲನೆಯದರಲ್ಲಿ ನಮ್ಮ ಕನ್ನಡದ ಕಿವಿ ಅಡ್ಡ ಬರುತ್ತದೆ. ನಾವು "ಅವಳು ಬರ್ತಾಳೆ, ಅಲ್ವಾ?" ಅನ್ನುತ್ತೇವೆ. "ಅವಳು ಬರಲ್ಲ, ಅಲ್ವಾ?" ಅಂತಲೂ ಅನ್ನುತ್ತೇವೆ. ವಾಕ್ಯ ಹೇಗೇ ಇರಲಿ, ಕೊನೆಗೆ ಬರುವುದು ಅದೇ "ಅಲ್ವಾ". ಅದರೊಳಗೆ ಒಂದು "ಅಲ್ಲ" ಸದಾ ಕೂತಿರುತ್ತದೆ. ಹಾಗಾಗಿ ನಾಲ್ಕು ಆಯ್ಕೆ ಕಂಡ ತಕ್ಷಣ ಕೊನೆಯಲ್ಲಿ "ನ್ಟ್" ಇರುವುದೇ ಕಿವಿಗೆ ಹಿತ ಅನ್ನಿಸುತ್ತದೆ. ಆದ್ದರಿಂದ ಆಯ್ಕೆಗಳ ಮೇಲೆ ಕೈ ಇಟ್ಟು ಮುಚ್ಚಿ, ಮೊದಲು ವಾಕ್ಯವನ್ನಷ್ಟೇ ಓದಿ. ಟ್ಯಾಗ್ ನೀವೇ ಕಟ್ಟಿ, ಆಮೇಲೆ ಕೈ ತೆಗೆದು ಅದು ಎಲ್ಲಿದೆ ಅಂತ ಹುಡುಕಿ.

ನಿಮ್ಮ ವಾಕ್ಯದಲ್ಲೇ ಮಾಡಿ ನೋಡೋಣ. "ಶಿ ಹಾರ್ಡ್ಲಿ ಸ್ಪೀಕ್ಸ್ ಟು ಎನಿಒನ್." ಕ್ರಿಯಾಪದ "ಸ್ಪೀಕ್ಸ್". ಅದರ ಜೊತೆ ಸಹಾಯಕ ಕ್ರಿಯಾಪದ ಇಲ್ಲ, ಕೊನೆಗೆ "ಸ್" ಇದೆ. ಅಂದರೆ ಟ್ಯಾಗಿಗೆ "ಡಸ್" ಬೇಕು. ಆ "ಡಸ್" ಸರಿಯಾಗಿಯೇ ಹಿಡಿದಿದ್ದೀರಿ. ಇನ್ನು ವಾಕ್ಯ ಹೌದು ಅನ್ನುತ್ತಿದೆಯೋ, ಇಲ್ಲ ಅನ್ನುತ್ತಿದೆಯೋ? "ನಾಟ್" ಎಲ್ಲೂ ಕಾಣುವುದಿಲ್ಲ. ಆದರೆ ಹೇಳುತ್ತಿರುವುದು ಅವಳು ಯಾರ ಹತ್ತಿರವೂ ಮಾತಾಡುವುದೇ ಇಲ್ಲ ಅನ್ನುವಷ್ಟು ಅಪರೂಪ ಅಂತ. "ಇಲ್ಲ" ಅನ್ನುವುದು "ಹಾರ್ಡ್ಲಿ"ಯೊಳಗೆ ಅಡಗಿದೆ. ಆದ್ದರಿಂದ ಉತ್ತರ "ಡಸ್ ಶಿ".

ಹೀಗೆ ಅಡಗಿ ಕೂರುವ ಪದಗಳು ಬಹಳ ಇಲ್ಲ. ನೆವರ್, ಸೆಲ್ಡಮ್, ರೇರ್ಲಿ, ಹಾರ್ಡ್ಲಿ, ಸ್ಕೇರ್ಸ್ಲಿ, ನೋಬಡಿ, ನಥಿಂಗ್, ಜೊತೆಗೆ "ಎ" ಇಲ್ಲದ ಫ್ಯೂ ಮತ್ತು ಲಿಟಲ್. "ಫ್ಯೂ ಪೀಪಲ್ ಕೇಮ್" ಅಂದರೆ ಬಂದವರು ಇಲ್ಲವೆನ್ನುವಷ್ಟು ಕಮ್ಮಿ. ಅದಕ್ಕೆ ಟ್ಯಾಗ್ "ಡಿಡ್ ದೇ". "ಎ ಫ್ಯೂ ಪೀಪಲ್ ಕೇಮ್" ಅಂದರೆ ಒಂದಷ್ಟು ಜನ ಬಂದರು. ಅದಕ್ಕೆ "ಡಿಡಂಟ್ ದೇ". ಒಂದೇ ಅಕ್ಷರಕ್ಕೆ ಉತ್ತರ ತಿರುಗಿಬಿಡುತ್ತದೆ.

ಇನ್ನೊಂದು ಸುಳಿವು ನಿಮ್ಮ ವಾಕ್ಯದಲ್ಲೇ ಇತ್ತು, ಅದು "ಎನಿಒನ್". "ಶಿ ಸ್ಪೀಕ್ಸ್ ಟು ಎನಿಒನ್" ಅಂದರೆ ಯಾರೇ ಸಿಕ್ಕರೂ ಮಾತಾಡುತ್ತಾಳೆ ಅನ್ನುವ ಬೇರೆಯೇ ಅರ್ಥ ಬರುತ್ತದೆ. "ಯಾರ ಹತ್ತಿರವೂ ಇಲ್ಲ" ಅನ್ನುವ ಅರ್ಥ ಬರಬೇಕಾದರೆ "ಎನಿಒನ್" ಜೊತೆ ಎಲ್ಲೋ ಒಂದು "ಇಲ್ಲ" ಇರಲೇಬೇಕು. ಹೇಳಿಕೆಯಲ್ಲಿ ಎನಿ, ಎನಿಒನ್, ಎನಿಥಿಂಗ್ ಕಂಡರೆ ಒಂದು ಕ್ಷಣ ನಿಂತು ಆ "ಇಲ್ಲ" ಹುಡುಕಿ.

ಎರಡನೆಯದರಲ್ಲಿ ನೀವು "ಡೋಂಟ್" ನೋಡಿ "ಡು" ತಂದಿರಿ. ಬೇರೆ ಕಡೆ ಅದು ಸರಿಯಾದ ದಾರಿಯೇ. ಆದರೆ ಆಜ್ಞೆಯ ವಾಕ್ಯ ಏನು ನಡೆಯುತ್ತಿದೆ ಅಂತ ಹೇಳುವುದಿಲ್ಲ, ಮುಂದೆ ಎದುರಿನವರು ಏನು ಮಾಡಬೇಕು ಅಂತ ಹೇಳುತ್ತದೆ. ಹಾಗಾಗಿ ಟ್ಯಾಗ್ ಕೇಳುವುದು "ಮುಟ್ಟುತ್ತೀಯಾ ಮತ್ತೆ?" ಅಂತ. ಅದಕ್ಕೇ "ವಿಲ್ ಯು". "ಡೋಂಟ್" ಇಂದ ಶುರುವಾದ ಆಜ್ಞೆಗೆ "ವಿಲ್ ಯು" ಒಂದೇ, "ವೋಂಟ್ ಯು" ಬರುವುದಿಲ್ಲ.

ಮೂರನೆಯದು ಸುಲಭ. "ಆರಂಟ್ ಐ" ವಿಚಿತ್ರವಾಗಿದೆ ಅಂತಲೇ ಎಲ್ಲರಿಗೂ ಅದು ನೆನಪಿನಲ್ಲಿ ಅಂಟಿಕೊಂಡಿರುತ್ತದೆ. "ಐ ಆಮ್" ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಅದು "ಐ ಆಮ್ ಲೇಟ್" ಅನ್ನುವುದಕ್ಕೆ ಮಾತ್ರ. "ಐ ಆಮ್ ನಾಟ್ ಲೇಟ್" ಅಂದಾಗ ಟ್ಯಾಗಿನಲ್ಲಿ "ನಾಟ್" ಬೇಕಾಗಿಲ್ಲ. ಆಗ ವಿಚಿತ್ರ ಏನೂ ಇಲ್ಲ, ಸುಮ್ನೆ "ಆಮ್ ಐ".

ಟ್ಯೂಷನ್ ನಡೆಸುವವರು: ನಾನು ಮಕ್ಕಳಿಗೆ ಒಂದೇ ಮಾತು ಹೇಳುವುದು. ವಾಕ್ಯ ಕ್ರಿಯಾಪದದಿಂದ ಶುರುವಾಯಿತಾ, ಕಣ್ಣು ಮುಚ್ಚಿ "ವಿಲ್ ಯು" ಹಾಕಿ. ಯಾವತ್ತೂ ತಪ್ಪಾಗಿಲ್ಲ.

ಇಂಗ್ಲಿಷ್ ಟೀಚರ್: ಹೆಚ್ಚಿನ ಕಡೆ ನಿಮ್ಮ ಮಾತು ನಡೆಯುತ್ತದೆ ಸರ್. ಆದರೆ "ಲೆಟ್ಸ್" ಬಂದಾಗ ಕಣ್ಣು ತೆರೆಯಲೇಬೇಕು. "ಲೆಟ್ಸ್ ಟೇಕ್ ಎ ಬ್ರೇಕ್" ಅಂದರೆ ಮಾತಾಡುವವನೂ ಜೊತೆಗಿದ್ದಾನೆ, ಅದಕ್ಕೆ "ಶಲ್ ವಿ". ಪತ್ರಿಕೆ ತಯಾರಿಸುವವರು ಈ ವಾಕ್ಯದ ಕೆಳಗೆ "ವಿಲ್ ಯು" ಕೂಡ ಇಟ್ಟಿರುತ್ತಾರೆ, ಕಣ್ಣು ಮುಚ್ಚಿದವರಿಗಾಗಿಯೇ. "ಲೆಟ್ಸ್ ನಾಟ್ ಆರ್ಗ್ಯೂ" ಅಂದರೂ "ಶಲ್ ವಿ"ಯೇ.

"ಲೆಟ್ ಅಸ್" ಅಂತ ಬಿಡಿಸಿ ಬರೆದಿದ್ದರೆ ಇನ್ನೂ ಎಚ್ಚರ ಬೇಕು. "ಲೆಟ್ ಅಸ್ ಯೂಸ್ ಯುವರ್ ಫೋನ್" ಅಂದರೆ ಎದುರಿನವರ ಅನುಮತಿ ಕೇಳುವುದು, ಅದಕ್ಕೆ "ವಿಲ್ ಯು". ಕನ್ನಡಕ್ಕೆ ತಿರುಗಿಸಿ ನೋಡಿ. "ಮಾಡೋಣ" ಅಂತ ಬಂದರೆ "ಶಲ್ ವಿ". "ಮಾಡಲು ಬಿಡಿ" ಅಂತ ಬಂದರೆ "ವಿಲ್ ಯು". ಇಲ್ಲಿ ಕನ್ನಡ ನಮಗೆ ಅಡ್ಡ ಬರುವುದಿಲ್ಲ, ದಾರಿ ತೋರಿಸುತ್ತದೆ.

ಟ್ಯೂಷನ್ ನಡೆಸುವವರು: ಲೆಟ್ಸ್ ವಿಷಯ ಒಪ್ಪಿದೆ. ಆದರೆ "ಸಿಟ್ ಡೌನ್" ಅನ್ನುವುದಕ್ಕೆ ಕೆಲವರು "ವೋಂಟ್ ಯು" ಸರಿ ಅನ್ನುತ್ತಾರಲ್ಲ, ಅದು ತಪ್ಪು ತಾನೇ?

ಇಂಗ್ಲಿಷ್ ಟೀಚರ್: ತಪ್ಪಲ್ಲ. "ಸಿಟ್ ಡೌನ್, ವೋಂಟ್ ಯು?" ಅಂದರೆ "ಕೂತ್ಕೊಳ್ಳಿ, ಬನ್ನಿ" ಅನ್ನುವ ಉಪಚಾರದ ಧ್ವನಿ. "ಸಿಟ್ ಡೌನ್, ವಿಲ್ ಯು?" ಅಂದರೆ ದನಿ ನೋಡಿ ಕೋರಿಕೆಯೂ ಆಗಬಹುದು, ಸಿಡುಕೂ ಆಗಬಹುದು. ಒಂದೇ ಪ್ರಶ್ನೆಯಲ್ಲಿ ಎರಡನ್ನೂ ಆಯ್ಕೆಯಾಗಿ ಕೊಟ್ಟರೆ ಆ ಪ್ರಶ್ನೆ ಕೊಟ್ಟವರದೇ ತಪ್ಪು ಅಂತ ನನ್ನ ಅಭಿಪ್ರಾಯ. ಆದರೆ ಎದುರಿಗೆ ಬಂದಾಗ ಒಂದನ್ನು ಆರಿಸಲೇಬೇಕು. ಆಹ್ವಾನದ ವಾಕ್ಯವಾದರೆ "ವೋಂಟ್ ಯು", ಉಳಿದದ್ದಕ್ಕೆ "ವಿಲ್ ಯು" ಅಂತ ನಾನು ಹೇಳಿಕೊಡುತ್ತೇನೆ.

ಒಬ್ಬ ತಂದೆ: ನಾನೂ ಇದರಲ್ಲಿ ಪೆಟ್ಟು ತಿಂದವನು. ಒಂದು ಸಂದರ್ಶನದಲ್ಲಿ "ಯು ಡೋಂಟ್ ಮೈಂಡ್ ನೈಟ್ ಶಿಫ್ಟ್, ಡು ಯು?" ಅಂತ ಕೇಳಿದರು. ನನಗೆ ಅಭ್ಯಂತರ ಇರಲಿಲ್ಲ. "ಎಸ್" ಅಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಇಂಥ ಟ್ಯಾಗಿಗೆ ಉತ್ತರ ಎಸ್ಸೋ ನೋನೋ?

ಇಂಗ್ಲಿಷ್ ಟೀಚರ್: ಇಲ್ಲಿ ಕೇಳಿದ್ದು ಟ್ಯಾಗ್ ಆರಿಸುವುದರ ಬಗ್ಗೆ, ನಿಮ್ಮದು ಟ್ಯಾಗಿಗೆ ಉತ್ತರ ಕೊಡುವುದರ ಬಗ್ಗೆ. ಆದರೆ ಬೇರು ಒಂದೇ ಸರ್. ಕನ್ನಡದಲ್ಲಿ "ಅಭ್ಯಂತರ ಇಲ್ಲ, ಅಲ್ವಾ?" ಅಂದರೆ "ಹೌದು, ಇಲ್ಲ" ಅನ್ನುತ್ತೇವೆ. ಆ "ಹೌದು" ಎದುರಿನವರ ಮಾತನ್ನು ಒಪ್ಪುವುದು. ಇಂಗ್ಲಿಷಿನ "ಎಸ್" ಮಾತನ್ನು ಒಪ್ಪುವುದಿಲ್ಲ, ಸಂಗತಿ ಇದೆ ಅನ್ನುತ್ತದೆ. ಅಭ್ಯಂತರ ಇಲ್ಲದಿದ್ದರೆ "ನೋ, ಐ ಡೋಂಟ್". ನೀವು ಅಂದ "ಎಸ್" ಅವರ ಕಿವಿಗೆ "ಅಭ್ಯಂತರ ಇದೆ" ಅಂತ ಬಿದ್ದಿರಬಹುದು.

ಹೊರದೇಶದಲ್ಲಿದ್ದು ಬಂದವರು: "ಆಮಂಟ್ ಐ" ತಪ್ಪು ಅಂತ ಯಾಕೆ ಹೇಳುತ್ತಾರೋ ಗೊತ್ತಿಲ್ಲ. ನನ್ನ ಸ್ಕಾಟ್ಲೆಂಡಿನ ಸಹೋದ್ಯೋಗಿಗಳು ದಿನವೂ ಹಾಗೇ ಮಾತಾಡುತ್ತಿದ್ದರು. "ಐ"ಗೆ "ಆರ್" ಸೇರಿಸುವುದು ತಾನೇ ನಿಜವಾದ ತಪ್ಪು?

ಇಂಗ್ಲಿಷ್ ಟೀಚರ್: ನೀವು ಕೇಳಿದ್ದು ನಿಜ. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ "ಆಮಂಟ್ ಐ" ಇವತ್ತಿಗೂ ಬದುಕಿದೆ. ಆದರೆ "ಆರಂಟ್ ಐ" ಯಾರೋ ವ್ಯಾಕರಣ ಗೊತ್ತಿಲ್ಲದೆ ಮಾಡಿದ್ದಲ್ಲ. "ಆಮ್ ನಾಟ್" ಬಾಯಲ್ಲಿ ಸವೆದು "ಆ್ಯಂಟ್" ಆಯಿತು, ಸ್ವರ ಎಳೆದು "ಆಂಟ್" ಆಯಿತು. ಇಂಗ್ಲೆಂಡಿನ ಬಹಳ ಕಡೆ "ಆರಂಟ್" ಅನ್ನುವಾಗ ನಡುವಿನ "ರ್" ಕೇಳಿಸುವುದಿಲ್ಲ. ಎರಡೂ ಒಂದೇ ಸದ್ದು. ಆ ಸದ್ದಿಗೆ ಬರಹದಲ್ಲಿ "ಆರಂಟ್" ಕಾಗುಣಿತ ಸಿಕ್ಕಿತು. ನನಗೆ ಇದು ಗೊತ್ತಾದ ದಿನದಿಂದ ಆ ಟ್ಯಾಗ್ ಮೇಲೆ ಸಿಟ್ಟು ಹೋಗಿದೆ.

ಪರೀಕ್ಷೆಯ ಮಟ್ಟಿಗೆ "ಆಮಂಟ್ ಐ" ಬಲೆ ಅಂತಲೇ ತಿಳಿಯಿರಿ. "ಆರಂಟ್ ಐ" ಪಟ್ಟಿಯಲ್ಲಿ ಇಲ್ಲದೆ "ಆಮ್ ಐ ನಾಟ್" ಇದ್ದರೆ ಅದನ್ನು ಹಾಕಿ. ಅದು ಸ್ವಲ್ಪ ಗಂಭೀರ ಶೈಲಿ, ಆದರೆ ಸರಿ.

ಪ್ರಶ್ನೆ ಕೇಳಿದವರು: ಕೈ ಮುಚ್ಚಿಕೊಂಡು ಇನ್ನಷ್ಟು ಮಾಡಿ ನೋಡಿದೆ ಮೇಡಂ. "ನೋಬಡಿ ಕಾಲ್ಡ್" ಅನ್ನುವುದಕ್ಕೆ "ಡಿಡ್ ದೇ" ಸರಿ ಬಂತು. "ಶಿ ಡಿಸ್‌ಲೈಕ್ಸ್ ನಾಯ್ಸ್" ಅನ್ನುವುದಕ್ಕೆ "ಡಸ್ ಶಿ" ಹಾಕಿದೆ, ತಪ್ಪು ಅಂತ ಬಂತು. ಇಷ್ಟ ಇಲ್ಲ ಅಂದರೆ "ಇಲ್ಲ" ಅಡಗಿದೆ ಅಲ್ವಾ? ಇನ್ನೊಂದು, "ಐ ಡೋಂಟ್ ಥಿಂಕ್ ಹಿ ನೋಸ್ ದಿ ಆನ್ಸರ್". ಆಯ್ಕೆಗಳು "ಡು ಐ", "ಡೋಂಟ್ ಐ", "ಡಸ್ ಹಿ", "ಡಜಂಟ್ ಹಿ". ನಾನು ಕಟ್ಟಿದ್ದು "ಡು ಐ". ಅದೂ ತಪ್ಪಂತೆ.

ಇಂಗ್ಲಿಷ್ ಟೀಚರ್: ಡಿಸ್‌ಲೈಕ್ ವಿಷಯ ನಾನು ಮೊದಲೇ ಹೇಳಬೇಕಿತ್ತು. ಡಿಸ್, ಅನ್, ಇಮ್ ಮುಂದೆ ಅಂಟಿದರೆ ಆ ಒಂದು ಪದದ ಅರ್ಥ ಮಾತ್ರ ತಿರುಗುತ್ತದೆ, ವಾಕ್ಯ ಹೌದು ಅನ್ನುತ್ತಲೇ ಇರುತ್ತದೆ. ಅವಳು ಏನೋ ಮಾಡುತ್ತಿದ್ದಾಳೆ, ಆ ಏನೋ ಅಂದರೆ ಇಷ್ಟಪಡದಿರುವುದು. ಹಾಗಾಗಿ "ಡಜಂಟ್ ಶಿ". "ಇಟ್ ಈಸ್ ಇಂಪಾಸಿಬಲ್" ಅನ್ನುವುದಕ್ಕೂ "ಈಸಂಟ್ ಇಟ್".

ಎರಡನೆಯದರಲ್ಲಿ ನೀವು ಕಟ್ಟಿದ ರೀತಿಯಲ್ಲಿ ತಪ್ಪಿಲ್ಲ, ಕಟ್ಟಿದ ಜಾಗ ತಪ್ಪು. ನನಗೆ ಏನನ್ನಿಸುತ್ತದೆ ಅಂತ ನಾನು ನಿಮ್ಮನ್ನು ಯಾಕೆ ಕೇಳಲಿ? ಕೇಳುತ್ತಿರುವುದು ಅವನಿಗೆ ಗೊತ್ತೋ ಇಲ್ಲವೋ ಅಂತ. ಆದ್ದರಿಂದ ಟ್ಯಾಗ್ "ಹಿ ನೋಸ್" ಕಡೆಯಿಂದ ಬರಬೇಕು. ಆದರೆ "ಇಲ್ಲ" ಮಾತ್ರ ಮೊದಲಿನ "ಡೋಂಟ್ ಥಿಂಕ್" ಜೊತೆ ಹೋಗಿ ಕೂತಿದೆ. ಅವನಿಗೆ ಗೊತ್ತಿಲ್ಲ ಅನ್ನಿಸುತ್ತದೆ ಅನ್ನುವುದೇ ಇದರ ಅರ್ಥ. ಹಾಗಾಗಿ "ಡಸ್ ಹಿ". ಇದೇ ವಾಕ್ಯ "ಯು ಡೋಂಟ್ ಥಿಂಕ್" ಅಂತ ಶುರುವಾದರೆ ಕಥೆ ಬೇರೆ. ನಿಮಗೆ ಏನನ್ನಿಸುತ್ತದೆ ಅಂತ ನಿಮ್ಮನ್ನೇ ಕೇಳಬಹುದಲ್ಲ, ಆಗ "ಡು ಯು".

ಟ್ಯೂಷನ್ ನಡೆಸುವವರು: ಮೇಡಂ, "ಲೆಟ್ ಮಿ ಕ್ಯಾರಿ ದಟ್ ಬ್ಯಾಗ್" ಅನ್ನುವುದಕ್ಕೆ? ನನ್ನ ಹತ್ತಿರ ಇರುವ ಒಂದು ಕೀ ಉತ್ತರದಲ್ಲಿ "ವಿಲ್ ಯು", ಇನ್ನೊಂದರಲ್ಲಿ "ಶಲ್ ಐ".

ಇಂಗ್ಲಿಷ್ ಟೀಚರ್: ಬಿಡಿ ಅಂತ ಕೇಳಿಕೊಳ್ಳುವುದಾದರೆ "ವಿಲ್ ಯು". ನಾನೇ ಹೊರಲಾ ಅಂತ ಮುಂದೆ ಬರುವುದಾದರೆ "ಶಲ್ ಐ". ಚೀಲ ಹೊರುವ ಮಾತು ಸಹಾಯಕ್ಕೆ ಮುಂದಾಗುವುದು ಅಂತ ನನಗೆ ಅನ್ನಿಸುತ್ತದೆ, ನಾನಾದರೆ "ಶಲ್ ಐ" ಹಾಕುತ್ತೇನೆ. ನಿಮ್ಮ ಇನ್ನೊಂದು ಕೀಯನ್ನು ತಪ್ಪು ಅಂತ ಹೇಳುವ ಧೈರ್ಯ ಮಾತ್ರ ನನಗಿಲ್ಲ.